94, 34, 4: ಒಂದೇ ಫಲಿತಾಂಶದ ಮೂರು ಅಂಕಿಗಳನ್ನು ಪೋಷಕರಿಗೆ ವಿವರಿಸುವ ಬಗೆ

(ಶಾಲಾ ಆಪ್ತಸಮಾಲೋಚಕರು ಮತ್ತು ವಿಶೇಷ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿ ಒಂದು ಮಾದರಿ ವರದಿಯಿದೆ. ಇಂದಿನ ಮಾತಿಗಾಗಿ ನಾನೇ ಸಿದ್ಧಪಡಿಸಿದ್ದು; ಯಾವ ಮಗುವಿನದ್ದೂ ಅಲ್ಲ. ಐದನೇ ತರಗತಿಯ ಹುಡುಗಿ, ವಯಸ್ಸು ಹತ್ತು ವರ್ಷ ನಾಲ್ಕು ತಿಂಗಳು, ಹೆಸರು ಸಹನಾ ಎಂದಿಟ್ಟುಕೊಳ್ಳಿ. ಮೊದಲ ಸಾಲನ್ನಷ್ಟೇ ಈಗ ನೋಡಿ. ಪದಗಳನ್ನು ಗಟ್ಟಿಯಾಗಿ ಓದುವ ಪರೀಕ್ಷೆಯಲ್ಲಿ 50 ಪದಗಳ ಪೈಕಿ ಅವಳು 31 ಪದಗಳನ್ನು ಸರಿಯಾಗಿ ಓದಿದ್ದಾಳೆ. ಅದರ ಪಕ್ಕದಲ್ಲಿ ಸ್ಟ್ಯಾಂಡರ್ಡ್ ಸ್ಕೋರ್ 94, ಪರ್ಸೆಂಟೈಲ್ ರ‍್ಯಾಂಕ್ 34, ಸ್ಟೇನೈನ್ 4 ಎಂದಿದೆ.

ಈ ಸಾಲನ್ನು ಅವಳ ತಂದೆ ತಾಯಿಯ ಕಣ್ಣಿನಿಂದ ಒಮ್ಮೆ ಓದಿ. ಐವತ್ತಕ್ಕೆ ಮೂವತ್ತೊಂದು ಎಂದರೆ ಶೇಕಡ 62, ಅಂದರೆ ಪ್ರಥಮ ದರ್ಜೆ. ತೊಂಬತ್ನಾಲ್ಕು ಎಂದರೆ ಡಿಸ್ಟಿಂಕ್ಷನ್. ಮೂವತ್ನಾಲ್ಕು ಎಂದರೆ, 35ಕ್ಕೆ ಪಾಸು ಎಂಬ ಲೆಕ್ಕದಲ್ಲಿಯೇ ಓದಿ ಬಂದ ತಲೆಮಾರಿಗೆ, ಒಂದೇ ಒಂದು ಅಂಕದಲ್ಲಿ ಕೈತಪ್ಪಿದ ಫೇಲು. ಇನ್ನು ನಾಲ್ಕು ಎಂಬುದು ಎಷ್ಟಕ್ಕೆ ನಾಲ್ಕು ಎಂಬುದೇ ಅವರಿಗೆ ತಿಳಿಯದು. ಹತ್ತಕ್ಕೆ ಎಂದು ಊಹಿಸಿಕೊಂಡು ಇನ್ನಷ್ಟು ಕಂಗಾಲಾಗುತ್ತಾರೆ. ಒಂದೇ ಮಗು, ಒಂದೇ ಬೆಳಿಗ್ಗೆ, ಒಂದೇ ಪದಪಟ್ಟಿಯನ್ನು ಓದಿದ ಒಂದೇ ಸಾಧನೆಗೆ ಮನೆಯವರು ನಾಲ್ಕು ಬೇರೆ ಬೇರೆ ತೀರ್ಪುಗಳನ್ನು ಕೇಳಿಸಿಕೊಂಡು ಹೋಗುತ್ತಾರೆ, ಅದರಲ್ಲಿ ಯಾವುದನ್ನು ನಂಬುತ್ತಾರೆ ಎಂಬುದು ಆ ದಿನದ ಅವರ ಮನಸ್ಥಿತಿಯನ್ನು ಅವಲಂಬಿಸಿರುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ಇದು: ಮಾತು ಆರಂಭವಾಗುವ ಮೊದಲೇ ವರದಿಯನ್ನು ಅವರ ಕೈಗೆ ಕೊಡಬೇಡಿ. ಕೊಡಲೇಬೇಕು, ಅದು ಅವರ ಹಕ್ಕು. ಆದರೆ ಯಾವ ಅಂಕಿಯನ್ನು ಹೇಗೆ ಓದಬೇಕೆಂದು ಹೇಳಿದ ಮೇಲೆ ಕೊಡಿ.

ಮೂರರಲ್ಲಿ ಯಾವುದರಿಂದ ಆರಂಭಿಸಬೇಕು? ಪರ್ಸೆಂಟೈಲಿನಿಂದಲೇ ಎಂಬುದು ನನ್ನ ಅಭಿಪ್ರಾಯ. ಸ್ಟ್ಯಾಂಡರ್ಡ್ ಸ್ಕೋರ್ ಹೆಚ್ಚು ನಿಖರ ಎಂದು ವಾದಿಸುವವರಿದ್ದಾರೆ, ಆ ಮಾತಿಗೆ ಮುಂದೆ ಬರುತ್ತೇನೆ. ಆದರೆ ಸೂತ್ರವಿಲ್ಲದೆ, ಬರಿಯ ಮಕ್ಕಳನ್ನು ಕಲ್ಪಿಸಿಕೊಂಡು ಅರ್ಥಮಾಡಿಕೊಳ್ಳಬಹುದಾದ ಅಂಕಿ ಇದೊಂದೇ. ಸಹನಾಳ ವಯಸ್ಸಿನ ನೂರು ಮಕ್ಕಳನ್ನು ಕಡಿಮೆ ಅಂಕದಿಂದ ಹೆಚ್ಚು ಅಂಕದವರೆಗೆ ಒಂದು ಸಾಲಿನಲ್ಲಿ ನಿಲ್ಲಿಸಿದರೆ, ಸುಮಾರು 34 ಮಕ್ಕಳು ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ಪದಗಳನ್ನು ಓದಿರುತ್ತಾರೆ, ಉಳಿದ 66 ಮಕ್ಕಳು ಹೆಚ್ಚು ಓದಿರುತ್ತಾರೆ. ಇಷ್ಟೇ ಅದರ ಅರ್ಥ. ಇದರಲ್ಲಿ ಪಾಸು ಇಲ್ಲ, ಫೇಲು ಇಲ್ಲ, ಎಷ್ಟು ಉತ್ತರ ಸರಿಯಾಯಿತು ಎಂಬ ಮಾಹಿತಿಯೂ ಇಲ್ಲ. ಪದಪಟ್ಟಿ ಇನ್ನಷ್ಟು ಸುಲಭವಾಗಿದ್ದು ಸಹನಾ 50ಕ್ಕೆ 45 ಓದಿದ್ದರೂ, ಉಳಿದ ಮಕ್ಕಳೂ ಅದೇ ಪ್ರಮಾಣದಲ್ಲಿ ಹೆಚ್ಚು ಓದುತ್ತಿದ್ದರಾದ್ದರಿಂದ ಸಾಲಿನಲ್ಲಿ ಅವಳ ಜಾಗ ಅಲ್ಲೇ ಇರುತ್ತಿತ್ತು.

ಇಲ್ಲಿ ಎರಡು ಎಡವಟ್ಟುಗಳಾಗುತ್ತವೆ. ಒಂದು, ಈಗಾಗಲೇ ಹೇಳಿದಂತೆ ಪರ್ಸೆಂಟೈಲನ್ನು ಪರ್ಸೆಂಟ್ ಎಂದು ಕೇಳಿಸಿಕೊಳ್ಳುವುದು. ಇನ್ನೊಂದು ಅದಕ್ಕೆ ವಿರುದ್ಧ ದಿಕ್ಕಿನದು. ಸಿಇಟಿ ಸೀಟುಗಳ ಮಾತನ್ನು ಕೇಳುತ್ತಾ ಬಂದ ಮನೆಯಲ್ಲಿ ರ‍್ಯಾಂಕ್ ಎಂದರೆ ಸಣ್ಣ ಅಂಕಿಯೇ ಒಳ್ಳೆಯದು. ಅಂಥ ತಂದೆ ‘ರ‍್ಯಾಂಕ್ 34’ ಎಂದು ಓದಿ ಸಂತೋಷಪಟ್ಟು, ತಂಗಿಯ 58ನ್ನು ಕಂಡು ಬೇಸರಪಟ್ಟರೆ ಅವರದೇನೂ ತಪ್ಪಿಲ್ಲ. ಪೋಷಕರೊಡನೆ ಮಾತನಾಡುವಾಗ ನಾನು ‘ರ‍್ಯಾಂಕ್’ ಎಂಬ ಪದವನ್ನು ಬಿಟ್ಟೇಬಿಟ್ಟಿದ್ದೇನೆ. ‘ನೂರು ಮಕ್ಕಳಲ್ಲಿ’ ಎಂದು ಆರಂಭಿಸುತ್ತೇನೆ. ಜೆಇಇ ಮೇನ್ ಫಲಿತಾಂಶ 2019ರಿಂದ ಪರ್ಸೆಂಟೈಲಿನಲ್ಲಿ ಬರುತ್ತಿರುವುದರಿಂದ ಕೆಲವು ಮನೆಗಳಲ್ಲಿ ಮತ್ತೊಂದು ಹೋಲಿಕೆ ಸಿದ್ಧವಾಗಿರುತ್ತದೆ: ‘ಅಣ್ಣನಿಗೆ 91 ಬಂದರೂ ಸೀಟು ಸಿಗಲಿಲ್ಲ, ಇವಳಿಗೆ 34 ಅಂದರೆ ಮುಗಿಯಿತಲ್ಲ ಮೇಡಂ?’ ಅಲ್ಲಿನ ಸಾಲಿನಲ್ಲಿ ನಿಂತವರು ಎಂಜಿನಿಯರಿಂಗ್ ಸೇರಲೆಂದು ವರ್ಷಗಟ್ಟಲೆ ತಯಾರಾದವರು. ಇಲ್ಲಿನ ಸಾಲಿನಲ್ಲಿ ನಿಂತವರು ಹತ್ತು ವರ್ಷದ ಎಲ್ಲ ಬಗೆಯ ಮಕ್ಕಳು. ಸಾಲು ಬೇರೆಯಾದಾಗ ಅಂಕಿಗಳನ್ನು ಹೋಲಿಸುವಂತಿಲ್ಲ ಎಂಬುದನ್ನು ಈ ಒಂದು ಉದಾಹರಣೆಯಿಂದಲೇ ಅವರು ಚೆನ್ನಾಗಿ ಹಿಡಿದುಕೊಳ್ಳುತ್ತಾರೆ.

ಈಗ 94ಕ್ಕೆ ಬರೋಣ. ಸ್ಟ್ಯಾಂಡರ್ಡ್ ಸ್ಕೋರಿನಲ್ಲಿ 100 ಎಂಬುದು ಪೂರ್ಣಾಂಕವಲ್ಲ, ನಡುಬಿಂದು. ಆ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದೂ, ಮಾನಕ ವಿಚಲನೆಯನ್ನು 15 ಎಂದೂ ಇಟ್ಟುಕೊಂಡು, ಮಗು ಆ ಸರಾಸರಿಯಿಂದ ಎಷ್ಟು ಮೇಲೆ ಅಥವಾ ಎಷ್ಟು ಕೆಳಗೆ ಇದೆ ಎಂಬುದನ್ನು ಅಳೆಯುತ್ತಾರೆ. ಮಾನಕ ವಿಚಲನೆ ಎಂಬ ಪದವನ್ನು ಪೋಷಕರ ಮುಂದೆ ಎತ್ತುವ ಅಗತ್ಯವಿಲ್ಲ. ಎರಡು ಮಾತು ಸಾಕು: 100 ಎಂದರೆ ಸರಿಯಾಗಿ ನಡುವೆ, ಮತ್ತು ಸರಿಸುಮಾರು ಅರ್ಧದಷ್ಟು ಮಕ್ಕಳು 90ರಿಂದ 110ರ ಒಳಗೇ ಬರುತ್ತಾರೆ. ಸಹನಾಳ 94 ಆ ನಡುವಣ ಅರ್ಧದೊಳಗಿದೆ. ಪರ್ಸೆಂಟೈಲಿನಲ್ಲಿ ಇದೇ ನಡುವಣ ಅರ್ಧ 25ರಿಂದ 75ರವರೆಗೆ ಹರಡಿಕೊಳ್ಳುತ್ತದೆ. ಹಾಗಾಗಿ ‘34’ ಎಂದು ಹೇಳಿದ ಮರುಕ್ಷಣವೇ ‘25ರಿಂದ 75ರ ನಡುವೆ ಇರುವವರೆಲ್ಲ ನಡುವಣ ಗುಂಪಿನವರು, ಇವಳೂ ಅಲ್ಲೇ ಇದ್ದಾಳೆ’ ಎಂಬ ವಾಕ್ಯವನ್ನು ಉಸಿರು ಬಿಡದೆ ಸೇರಿಸಿ. ನಡುವೆ ನೀವು ಒಂದು ಕ್ಷಣ ನಿಂತರೂ ಆ ಮೌನದಲ್ಲಿ 35ರ ಗೆರೆ ಎದ್ದು ನಿಲ್ಲುತ್ತದೆ.

ಹಾಗಾದರೆ ಎರಡು ಅಳತೆಗಳು ಏಕೆ ಬೇಕು? ಇದು ನಿಮಗಾಗಿ ಹೇಳುವ ಮಾತು, ಪೋಷಕರಿಗಲ್ಲ. ನಮ್ಮ ಆ ನೂರು ಮಕ್ಕಳ ಸಾಲಿನಲ್ಲಿ ಮಕ್ಕಳು ಸಮಾನ ಅಂತರದಲ್ಲಿ ನಿಂತಿರುವುದಿಲ್ಲ. ನಡುವೆ ಒತ್ತೊತ್ತಾಗಿರುತ್ತಾರೆ, ಎರಡು ತುದಿಗಳಲ್ಲಿ ದೂರದೂರ. ನಡುವೆ ಎರಡು ಹೆಜ್ಜೆ ಇಟ್ಟರೆ ಹಲವು ಮಕ್ಕಳನ್ನು ದಾಟಿಬಿಡಬಹುದು, ತುದಿಯಲ್ಲಿ ಅದೇ ಎರಡು ಹೆಜ್ಜೆಗೆ ಒಬ್ಬರನ್ನೂ ದಾಟಲಾಗದು. ಅಂಕಿಗಳಲ್ಲಿ ಹೇಳುವುದಾದರೆ ಸ್ಟ್ಯಾಂಡರ್ಡ್ ಸ್ಕೋರ್ 100ರಿಂದ 103ಕ್ಕೆ ಏರಿದರೆ ಪರ್ಸೆಂಟೈಲ್ 50ರಿಂದ 58ಕ್ಕೆ ಜಿಗಿಯುತ್ತದೆ. 130ರಿಂದ 133ಕ್ಕೆ ಏರಿದರೆ 98ರ ಸುತ್ತಮುತ್ತಲೇ ಉಳಿಯುತ್ತದೆ. ಏರಿಕೆ ಎರಡೂ ಕಡೆ ಮೂರೇ ಅಂಶ. ಇದರಿಂದ ಒಂದು ನಿಯಮ ಹುಟ್ಟುತ್ತದೆ: ಪರ್ಸೆಂಟೈಲುಗಳನ್ನು ಒಂದರಿಂದ ಇನ್ನೊಂದನ್ನು ಕಳೆಯಬಾರದು, ಕೂಡಿ ಸರಾಸರಿ ತೆಗೆಯಬಾರದು. ಮಗು ಎಲ್ಲಿ ನಿಂತಿದೆ ಎಂದು ಹೇಳುವುದಕ್ಕೆ ಪರ್ಸೆಂಟೈಲ್. ಎಷ್ಟು ಬದಲಾಯಿತು, ಎರಡು ವಿಷಯಗಳ ನಡುವೆ ಎಷ್ಟು ಅಂತರವಿದೆ ಎಂದು ಲೆಕ್ಕ ಹಾಕುವುದಕ್ಕೆ ಸ್ಟ್ಯಾಂಡರ್ಡ್ ಸ್ಕೋರ್.

ಈ ಮಾತು ಎಷ್ಟು ಮುಖ್ಯ ಎಂಬುದು ಹಾಳೆಯ ಉಳಿದ ಸಾಲುಗಳಿಗೆ ಹೋದಾಗ ಕಾಣುತ್ತದೆ. ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿ ಸಹನಾಳಿಗೆ ಹೋದ ವರ್ಷ ಸ್ಟ್ಯಾಂಡರ್ಡ್ ಸ್ಕೋರ್ 97, ಪರ್ಸೆಂಟೈಲ್ 42, ಸ್ಟೇನೈನ್ 5. ಈ ವರ್ಷ 103, 58, ಸ್ಟೇನೈನ್ 5. ಗಣಿತದಲ್ಲಿ ಹೋದ ವರ್ಷ 91, ಪರ್ಸೆಂಟೈಲ್ 27, ಸ್ಟೇನೈನ್ 4. ಈ ವರ್ಷ 88, 21, ಸ್ಟೇನೈನ್ 3. ಇಷ್ಟನ್ನು ಇಟ್ಟುಕೊಂಡು ತಾಯಿ ಕೇಳುವ ಪ್ರಶ್ನೆಯನ್ನು ನೀವು ಊಹಿಸಬಲ್ಲಿರಿ: ‘ಲೆಕ್ಕದಲ್ಲಿ ಯಾಕೆ ಕೆಳಗೆ ಬಂದಳು?’

ಉತ್ತರಿಸುವ ಮೊದಲು ಸ್ಟೇನೈನ್ ಬಗ್ಗೆ ಸ್ವಲ್ಪ ಹೇಳಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವಾಯುಪಡೆಯವರು ವಿಮಾನ ಸಿಬ್ಬಂದಿಯ ಆಯ್ಕೆ ಪರೀಕ್ಷೆಗಳಿಗಾಗಿ ರೂಪಿಸಿಕೊಂಡ ಒಂಬತ್ತು ಮೆಟ್ಟಿಲುಗಳ ಅಳತೆ ಇದು. ಆಗ ಫಲಿತಾಂಶಗಳನ್ನು ತೂತು ಹೊಡೆದ ಕಾರ್ಡುಗಳಲ್ಲಿ ದಾಖಲಿಸುತ್ತಿದ್ದರು. 1ರಿಂದ 9ರವರೆಗಿನ ಒಂದೇ ಅಂಕಿಯಾದರೆ ಕಾರ್ಡಿನ ಒಂದೇ ಕಾಲಮಿನಲ್ಲಿ ಮುಗಿಯುತ್ತಿತ್ತು. ಕಾರ್ಡುಗಳು ಹೋದವು, ಅಳತೆ ಉಳಿಯಿತು. ನೂರು ಮಕ್ಕಳನ್ನು ಕೆಳಗಿನಿಂದ ಮೇಲಕ್ಕೆ 4, 7, 12, 17, 20, 17, 12, 7, 4 ಎಂದು ಒಂಬತ್ತು ಗುಂಪುಗಳಾಗಿ ವಿಂಗಡಿಸಿದರೆ ಅದೇ ಸ್ಟೇನೈನ್. 4, 5, 6 ಈ ಮೂರು ಗುಂಪುಗಳಲ್ಲೇ ನೂರರಲ್ಲಿ 54 ಮಕ್ಕಳು ಸೇರುತ್ತಾರೆ. ಇದರ ಗುಣವೆಂದರೆ ಒರಟುತನ. ಒಂದೆರಡು ಅಂಶಗಳ ಏರಿಳಿತವನ್ನು ಅದು ತೋರಿಸುವುದಿಲ್ಲವಾದ್ದರಿಂದ ಯಾರೂ ಅನಗತ್ಯವಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಪೋಷಕರಿಗೆ ಸ್ಟೇನೈನ್ ಒಂದೇ ಸಾಕು ಎಂದು ಹೇಳುವವರ ವಾದವೂ ಇದೇ.

ಆದರೆ ಒರಟುತನಕ್ಕೆ ಬೆಲೆಯಿದೆ, ಅದನ್ನು ಗೆರೆಯ ಹತ್ತಿರ ನಿಂತ ಮಗು ತೆರಬೇಕಾಗುತ್ತದೆ. ಸ್ಟ್ಯಾಂಡರ್ಡ್ ಸ್ಕೋರಿನ ಅಳತೆಯಲ್ಲಿ ತುದಿಯ ಎರಡನ್ನು ಬಿಟ್ಟು ಪ್ರತಿ ಸ್ಟೇನೈನಿನ ಅಗಲ ಏಳೂವರೆ ಅಂಶ. ಮೂರಕ್ಕೂ ನಾಲ್ಕಕ್ಕೂ ನಡುವಣ ಗೆರೆ ಸರಿಸುಮಾರು 88.75ರಲ್ಲಿ ಬೀಳುತ್ತದೆ, 88 ಬಂದರೆ ಸ್ಟೇನೈನ್ 3, 89 ಬಂದರೆ 4. ಈಗ ಸಹನಾಳ ಸಾಲುಗಳನ್ನು ಮತ್ತೆ ನೋಡಿ. ಗಣಿತದಲ್ಲಿ ಬರೀ ಮೂರು ಅಂಶಗಳ ಇಳಿಕೆ ಅವಳನ್ನು ಒಂದು ಮೆಟ್ಟಿಲು ಕೆಳಗಿಳಿಸಿದೆ. ಓದಿನಲ್ಲಿ ಅದರ ಎರಡರಷ್ಟು, ಆರು ಅಂಶಗಳ ಏರಿಕೆ ಅವಳನ್ನು ಇದ್ದ ಮೆಟ್ಟಿಲಲ್ಲೇ ಉಳಿಸಿದೆ. ಅದೇ ಆರು ಅಂಶ ಪರ್ಸೆಂಟೈಲಿನಲ್ಲಿ 42ರಿಂದ 58ಕ್ಕೆ, ಹದಿನಾರು ಮಕ್ಕಳನ್ನು ದಾಟಿದ ದೊಡ್ಡ ನೆಗೆತದಂತೆ ಕಾಣುತ್ತದೆ. ಸ್ಟೇನೈನನ್ನಷ್ಟೇ ಕೊಡುವ ಶಾಲೆ ‘ಓದು ಹಾಗೇ ಇದೆ, ಲೆಕ್ಕ ಕುಸಿದಿದೆ’ ಎನ್ನುತ್ತದೆ. ಪರ್ಸೆಂಟೈಲನ್ನಷ್ಟೇ ಕೊಡುವ ಶಾಲೆ ‘ಓದಿನಲ್ಲಿ ಭಾರೀ ಪ್ರಗತಿ, ಲೆಕ್ಕದಲ್ಲಿ ಅಲ್ಪ ಹಿನ್ನಡೆ’ ಎನ್ನುತ್ತದೆ. ಎರಡೂ ತಪ್ಪು. ಏಕೆ ತಪ್ಪು ಎಂಬುದಕ್ಕೆ ವರದಿಯ ಮುಖಪುಟದಲ್ಲಿ ಸಾಮಾನ್ಯವಾಗಿ ಕಾಣದ, ಪರೀಕ್ಷೆಯ ಕೈಪಿಡಿಯೊಳಗೆ ಮಾತ್ರ ಸಿಗುವ ಒಂದು ಅಂಕಿಯ ಕಡೆಗೆ ಹೋಗಬೇಕು.

ಅದು ಅಳತೆಯ ಮಾನಕ ದೋಷ. ಯಾವ ಪರೀಕ್ಷೆಯೂ ಮಗುವನ್ನು ಚುಕ್ಕಿಯಷ್ಟು ನಿಖರವಾಗಿ ಅಳೆಯುವುದಿಲ್ಲ. ಅದೇ ಮಗು ಅದೇ ವಾರ ಅಂಥದ್ದೇ ಮತ್ತೊಂದು ಪ್ರಶ್ನೆಪತ್ರಿಕೆಗೆ ಉತ್ತರಿಸಿದರೆ ಅಂಕ ಸ್ವಲ್ಪ ಅತ್ತಿತ್ತ ಆಗುತ್ತದೆ: ಒಂದು ಊಹೆ ಸರಿಹೋಗಿರುತ್ತದೆ, ಒಂದು ಗೊತ್ತಿದ್ದ ಲೆಕ್ಕ ಕೈತಪ್ಪಿರುತ್ತದೆ. ಎಷ್ಟು ಅತ್ತಿತ್ತ ಎಂಬುದನ್ನು ಪರೀಕ್ಷೆಯ ವಿಶ್ವಸನೀಯತೆಯಿಂದ ಲೆಕ್ಕ ಹಾಕಬಹುದು. ಒಂದರಿಂದ ವಿಶ್ವಸನೀಯತೆಯ ಗುಣಾಂಕವನ್ನು ಕಳೆದು, ವರ್ಗಮೂಲ ತೆಗೆದು, 15ರಿಂದ ಗುಣಿಸಿದರಾಯಿತು. ನಮ್ಮ ಮಾದರಿಯಲ್ಲಿ ಆ ಗುಣಾಂಕ 0.91 ಎಂದಿಟ್ಟುಕೊಂಡಿದ್ದೇನೆ. ಕಳೆದರೆ 0.09, ವರ್ಗಮೂಲ 0.3, ಹದಿನೈದರಿಂದ ಗುಣಿಸಿದರೆ 4.5. ಸಹನಾಳ ಗಣಿತದ 88ರ ಅರ್ಥ ಈಗ ಬದಲಾಗುತ್ತದೆ. ಅವಳ ನಿಜವಾದ ಮಟ್ಟ 83.5ರಿಂದ 92.5ರ ಒಳಗಿದೆ ಎಂದು ಮೂರರಲ್ಲಿ ಎರಡು ಪಾಲು ಭರವಸೆಯಿಂದ ಹೇಳಬಹುದು. ನೂರಕ್ಕೆ 95 ಪಾಲು ಭರವಸೆ ಬೇಕೆಂದರೆ ಸುಮಾರು 79ರಿಂದ 97 ಎನ್ನಬೇಕಾಗುತ್ತದೆ, ಅದು ಪರ್ಸೆಂಟೈಲಿನಲ್ಲಿ 8ರಿಂದ 42. ವಿಶ್ವಸನೀಯತೆ 0.91 ಇರುವ ಪರೀಕ್ಷೆಯನ್ನು ನಾವು ಒಳ್ಳೆಯ ಪರೀಕ್ಷೆ ಎನ್ನುತ್ತೇವೆ ಎಂಬುದನ್ನು ನೆನಪಿಡಿ. ಒಳ್ಳೆಯ ಪರೀಕ್ಷೆಯಲ್ಲೇ ಇಷ್ಟು ಅಗಲವಿದ್ದರೆ, ಹತ್ತು ಪ್ರಶ್ನೆಗಳ ಉಪಪರೀಕ್ಷೆಯೊಂದರ ಸ್ಕೋರನ್ನು ಹಿಡಿದು ‘ನಿಮ್ಮ ಮಗಳ ನೆನಪಿನ ಶಕ್ತಿ ಕಡಿಮೆ’ ಎಂದುಬಿಡುವವರ ಧೈರ್ಯವನ್ನು ಮೆಚ್ಚಬೇಕು.

ಈ ವ್ಯಾಪ್ತಿಯನ್ನು ಪೋಷಕರಿಗೆ ಹೇಳಲೇಬೇಕೇ, ಗೊಂದಲವಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೇಳಬೇಕು, ಆದರೆ ದೋಷ ಎಂಬ ಪದವನ್ನು ಬಳಸದೆ ಹೇಳಬೇಕು. ಆ ಪದ ಕೇಳಿದ ಕೂಡಲೇ ಪರೀಕ್ಷೆ ನಡೆಸಿದವರು ತಪ್ಪು ಮಾಡಿದ್ದಾರೆ ಎಂದೋ, ಮಗುವಿನಲ್ಲೇ ಏನೋ ದೋಷವಿದೆ ಎಂದೋ ಅವರಿಗೆ ಅನ್ನಿಸುತ್ತದೆ. ನಾನು ಹೀಗೆ ಹೇಳುತ್ತೇನೆ: ‘ಇವತ್ತಿನ ಪರೀಕ್ಷೆಯಲ್ಲಿ 88 ಬಂದಿದೆ. ಇಂಥದ್ದೇ ಪರೀಕ್ಷೆ ಇನ್ನೊಂದು ದಿನ ಕೊಟ್ಟಿದ್ದರೆ ಎಂಬತ್ತೈದೋ ತೊಂಬತ್ತೊಂದೋ ಬರಬಹುದಿತ್ತು. ಆದ್ದರಿಂದ ಎಂಬತ್ತರ ಮೇಲಿನಿಂದ ತೊಂಬತ್ತರ ಆಚೀಚೆಯವರೆಗೆ ಎಂದು ಇಟ್ಟುಕೊಳ್ಳೋಣ.’ ಅದನ್ನು ಹೇಳುತ್ತಾ ಹಾಳೆಯ ಮೇಲೆ ಚುಕ್ಕಿ ಇಡುವ ಬದಲು ಪೆನ್ಸಿಲಿನಿಂದ ದಪ್ಪ ಪಟ್ಟಿಯೊಂದನ್ನು ಬಳಿದು ತೋರಿಸಿ. ಹೋದ ವರ್ಷದ 91ಕ್ಕೂ ಅದರ ಕೆಳಗೆ ಅಂಥದ್ದೇ ಪಟ್ಟಿ ಬಳಿಯಿರಿ. ಎರಡು ಪಟ್ಟಿಗಳು ಬಹುತೇಕ ಒಂದರ ಮೇಲೊಂದು ಬೀಳುವುದನ್ನು ತಾಯಿಯೇ ನೋಡುತ್ತಾರೆ, ‘ಯಾಕೆ ಕೆಳಗೆ ಬಂದಳು’ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ: ಕೆಳಗೆ ಬಂದಿದ್ದಾಳೆ ಎಂದು ಹೇಳುವುದಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ಆಧಾರ ಸಿಗಬೇಕಾದರೆ ಎಷ್ಟು ಅಂತರ ಬೇಕು? ಎರಡು ಅಂಕಗಳಲ್ಲೂ ಅಲುಗಾಟವಿರುವುದರಿಂದ ವ್ಯತ್ಯಾಸದ ಅಲುಗಾಟ ಇನ್ನೂ ಹೆಚ್ಚು. 4.5ರ ಎರಡು ದೋಷಗಳನ್ನು ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದರೆ ಸುಮಾರು 6.4, ನೂರಕ್ಕೆ 95ರ ಭರವಸೆಗೆ ಅದರ ಎರಡರಷ್ಟಕ್ಕಿಂತ ತುಸು ಕಡಿಮೆ, ಅಂದರೆ ಸುಮಾರು ಹನ್ನೆರಡೂವರೆ ಅಂಶ. ಗಣಿತದ ಮೂರು ಅಂಶಗಳ ಇಳಿಕೆ ಅದರ ಹತ್ತಿರಕ್ಕೂ ಬರುವುದಿಲ್ಲ. ಓದಿನ ಆರು ಅಂಶಗಳ ಏರಿಕೆಯೂ ಬರುವುದಿಲ್ಲ, ಇದನ್ನು ಒಪ್ಪಿಕೊಳ್ಳುವುದು ನಮಗೆ ಕಷ್ಟ. ಇಳಿಕೆಯನ್ನು ‘ಅಳತೆಯ ಅಲುಗಾಟ’ ಎಂದು ತಳ್ಳಿಹಾಕಿ, ಏರಿಕೆಯನ್ನು ಮಾತ್ರ ‘ನಮ್ಮ ತರಬೇತಿಯ ಫಲ’ ಎಂದು ವರದಿಯಲ್ಲಿ ಬರೆಯುವ ಅಭ್ಯಾಸ ನಮ್ಮಲ್ಲಿ ಬಹಳಷ್ಟಿದೆ. ತಕ್ಕಡಿ ಎರಡೂ ಕಡೆಗೆ ಒಂದೇ ಇರಬೇಕು.

ಹಾಗಾದರೆ ಸಹನಾ ವರ್ಷವಿಡೀ ಲೆಕ್ಕದಲ್ಲಿ ಏನನ್ನೂ ಕಲಿಯಲಿಲ್ಲವೇ? ಕಲಿತಿದ್ದಾಳೆ. ಹಾಳೆಯ ಅಂಚಿನಲ್ಲಿರುವ ಕಚ್ಚಾ ಅಂಕಗಳನ್ನು ನೋಡಿ: 40 ಪ್ರಶ್ನೆಗಳ ಪತ್ರಿಕೆಯಲ್ಲಿ ಹೋದ ವರ್ಷ 18 ಸರಿ, ಈ ವರ್ಷ ಅದೇ ಪತ್ರಿಕೆಯಲ್ಲಿ 23 ಸರಿ. ಐದು ಹೊಸ ಲೆಕ್ಕಗಳನ್ನು ಮಾಡಬಲ್ಲವಳಾಗಿದ್ದಾಳೆ. ಆದರೆ ಹೋದ ವರ್ಷ ಅವಳನ್ನು ಒಂಬತ್ತು ವರ್ಷದವರ ಸಾಲಿನಲ್ಲಿ ನಿಲ್ಲಿಸಿದ್ದೆವು, ಈ ವರ್ಷ ಹತ್ತು ವರ್ಷದವರ ಸಾಲಿನಲ್ಲಿ. ಇಡೀ ಸಾಲೇ ಮುಂದಕ್ಕೆ ನಡೆದಿದೆ. ಸಾಲಿನೊಡನೆ ಹೆಜ್ಜೆ ಹಾಕಿದ ಮಗುವಿನ ಸ್ಟ್ಯಾಂಡರ್ಡ್ ಸ್ಕೋರ್ ಇದ್ದಲ್ಲೇ ಇರುತ್ತದೆ. ಪೋಷಕರು ಶಾಲೆಯ ಅಂಕಪಟ್ಟಿಯ ರೂಢಿಯಲ್ಲಿ ‘ಹೋದ ವರ್ಷವೂ ಅಷ್ಟೇ, ಈ ವರ್ಷವೂ ಅಷ್ಟೇ’ ಎಂದು ನಿಟ್ಟುಸಿರು ಬಿಡುವುದು ಇಲ್ಲೇ. ಒಂದು ವರ್ಷದಲ್ಲಿ ಒಂದು ವರ್ಷದಷ್ಟು ಬೆಳೆದಿದ್ದಾಳೆ ಎಂಬುದು ಇದರ ಅರ್ಥ ಎಂದು ಹೇಳಿ, ಅವಳು ಹೊಸದಾಗಿ ಮಾಡಿದ ಆ ಐದು ಲೆಕ್ಕಗಳಲ್ಲಿ ಯಾವ ಬಗೆಯವು ಇದ್ದವು ಎಂಬುದನ್ನು ಮಾತಿನಲ್ಲಿ ವಿವರಿಸಿ. ಪತ್ರಿಕೆಯನ್ನೇ ತೋರಿಸುವಂತಿಲ್ಲ, ಪ್ರಶ್ನೆಗಳು ಹೊರಬಿದ್ದರೆ ಪರೀಕ್ಷೆಯೇ ಕೆಡುತ್ತದೆ. ‘ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಹೋದ ವರ್ಷ ಬರುತ್ತಿರಲಿಲ್ಲ, ಈಗ ಬರುತ್ತದೆ, ಭಿನ್ನರಾಶಿ ಇನ್ನೂ ಕೈಗೆ ಹತ್ತಿಲ್ಲ’ ಎಂದರೆ ಸಾಕು.

ಮುಂದಿನ ಪ್ರಶ್ನೆ ತಂದೆಯದಾಗಿರುತ್ತದೆ: ‘ಓದಿನಲ್ಲಿ ಚೆನ್ನಾಗಿದ್ದಾಳೆ, ಲೆಕ್ಕದಲ್ಲಿ ಯಾಕಿಲ್ಲ?’ ಓದಿನ 103ಕ್ಕೂ ಗಣಿತದ 88ಕ್ಕೂ ಅಂತರ ಹದಿನೈದು, ಅದು ಹನ್ನೆರಡೂವರೆಯನ್ನು ದಾಟುತ್ತದೆ. ಸ್ಟೇನೈನಿನಲ್ಲೂ 5 ಮತ್ತು 3, ಎರಡು ಮೆಟ್ಟಿಲು. ಎರಡು ಅಥವಾ ಹೆಚ್ಚು ಮೆಟ್ಟಿಲುಗಳ ಅಂತರವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬ ರೂಢಿಯ ನಿಯಮವೂ ಇಲ್ಲಿ ಹೊಂದುತ್ತದೆ. ಆದ್ದರಿಂದ ಈ ಅಂತರ ನಿಜವಾದದ್ದು ಎಂದು ಹೇಳಬಹುದು. ಇಲ್ಲಿಗೇ ನಿಲ್ಲಿಸಿದರೆ ಮಾತ್ರ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅಂತರ ನಿಜವಾದದ್ದೇ ಎಂಬುದು ಒಂದು ಪ್ರಶ್ನೆ, ಅದು ಅಪರೂಪವೇ ಎಂಬುದು ಬೇರೆಯೇ ಪ್ರಶ್ನೆ. ಓದು ಮತ್ತು ಗಣಿತದ ಅಂಕಗಳ ನಡುವಣ ಸಹಸಂಬಂಧ 0.6 ಇದೆ ಎಂದುಕೊಂಡರೆ, ಯಾವುದೋ ಒಂದು ದಿಕ್ಕಿನಲ್ಲಿ ಹದಿನೈದು ಅಥವಾ ಹೆಚ್ಚು ಅಂಶಗಳ ಅಂತರವಿರುವ ಮಕ್ಕಳು ಸುಮಾರು ನಾಲ್ಕರಲ್ಲಿ ಒಬ್ಬರು ಸಿಗುತ್ತಾರೆ. ನಾಲ್ಕರಲ್ಲಿ ಒಬ್ಬರಲ್ಲಿ ಇರುವುದನ್ನು ನ್ಯೂನತೆ ಎನ್ನಲಾಗದು. ಕೈಪಿಡಿಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಕೋಷ್ಟಕಗಳಿರುತ್ತವೆ. ಮೊದಲನೆಯದನ್ನು ನೋಡಿ ಎರಡನೆಯದನ್ನು ನೋಡದೆ ಕಲಿಕಾ ನ್ಯೂನತೆಯ ಅನುಮಾನವನ್ನು ವರದಿಯಲ್ಲಿ ಬರೆದುಬಿಡುವುದು ನಾನು ಅತಿ ಹೆಚ್ಚು ಕಂಡ ಅವಸರ. ಸಹನಾಳ ಮನೆಯವರಿಗೆ ನಾನು ಹೇಳುವುದು ಇಷ್ಟೇ: ‘ಲೆಕ್ಕ ಅವಳಿಗೆ ಓದಿಗಿಂತ ನಿಜವಾಗಿಯೂ ಕಷ್ಟ. ಇಂಥ ವ್ಯತ್ಯಾಸ ಬಹಳ ಮಕ್ಕಳಲ್ಲಿರುತ್ತದೆ. ನೆರವು ಬೇಕು, ಗಾಬರಿ ಬೇಡ.’

ಇಷ್ಟು ಹೊತ್ತೂ ‘ನೂರು ಮಕ್ಕಳು’ ಎನ್ನುತ್ತಾ ಬಂದೆ. ಆ ಮಕ್ಕಳು ಯಾರು ಎಂದು ಪೋಷಕರು ಕೇಳುವುದು ಕಡಿಮೆ, ಕೇಳಿದರೆ ಸಂತೋಷಪಡಿ. ಆ ಸಾಲು ಪರೀಕ್ಷೆಯನ್ನು ರೂಪಿಸಿದವರು ಆರಿಸಿಕೊಂಡ ಗುಂಪು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇಂಗ್ಲಿಷ್ ಮನೆಮಾತಿನ ಮಕ್ಕಳ ಮೇಲೆ ರೂಪಿಸಿದ ಓದಿನ ಪರೀಕ್ಷೆಯನ್ನು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಉರ್ದುವನ್ನೋ ಆಡುವ, ಇಂಗ್ಲಿಷನ್ನು ತರಗತಿಯಲ್ಲಿ ಮಾತ್ರ ಕೇಳುವ ಮಗುವಿಗೆ ಕೊಟ್ಟರೆ ಬರುವ 34ಕ್ಕೆ ‘ಅಲ್ಲಿನ ನೂರು ಮಕ್ಕಳಲ್ಲಿ’ ಎಂಬ ಅರ್ಥ ಮಾತ್ರ ಇರುತ್ತದೆ. ಆ ಅಂಕಿಯನ್ನು ಮಗುವಿನ ಓದುವ ಸಾಮರ್ಥ್ಯ ಎಂದು ಕರೆಯುವಂತಿಲ್ಲ. ಅದರಲ್ಲಿ ಭಾಷೆಯ ಪರಿಚಯವೂ ಬೆರೆತಿರುತ್ತದೆ. ಕಾಲವೂ ಲೆಕ್ಕಕ್ಕೆ ಬರುತ್ತದೆ. ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಜನರ ಸರಾಸರಿ ಅಂಕ ತಲೆಮಾರಿನಿಂದ ತಲೆಮಾರಿಗೆ ಏರುತ್ತಾ ಬಂದಿರುವುದನ್ನು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಅಮೆರಿಕದ ದತ್ತಾಂಶಗಳಲ್ಲಿ ಈ ಏರಿಕೆ ದಶಕಕ್ಕೆ ಸುಮಾರು ಮೂರು ಅಂಶ. ಹಳೆಯ ಗುಂಪಿನೊಡನೆ ಹೋಲಿಸಿದಾಗ ಇಂದಿನ ಮಗುವಿನ ಅಂಕ ಇರಬೇಕಾದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ ಎಂಬುದು ಇದರ ಪರಿಣಾಮ.

ನಮ್ಮಲ್ಲಿ ಈ ಮಾತಿಗೆ ವಿಶೇಷ ಮಹತ್ವವಿದೆ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಹೊಂದಿಸಿದ ಬಿನೆ-ಕಾಮತ್ ಪರೀಕ್ಷೆಯ ವರದಿಗಳು ಈಗಲೂ ನಿಮ್ಮ ಮೇಜಿಗೆ ಬರುತ್ತವೆ. ಕನ್ನಡದ ಮಕ್ಕಳನ್ನೇ ಮುಂದಿಟ್ಟುಕೊಂಡು ಅಷ್ಟು ಹಿಂದೆಯೇ ಇಂಥದ್ದೊಂದು ಕೆಲಸ ನಡೆಯಿತು ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಅದರಲ್ಲಿ ಬರುವ ಐಕ್ಯೂ ನಾನು ಇದುವರೆಗೆ ವಿವರಿಸಿದ ಜಾತಿಯ ಸ್ಟ್ಯಾಂಡರ್ಡ್ ಸ್ಕೋರ್ ಅಲ್ಲ; ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದ ಅನುಪಾತ. ಅನುಪಾತದ ಐಕ್ಯೂವಿನಲ್ಲಿ ಅಂಕಗಳ ಹರಹು ಎಲ್ಲ ವಯಸ್ಸಿನಲ್ಲೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ, ಅಲ್ಲಿನ 88ನ್ನು ತಂದು ನಮ್ಮ ಕೋಷ್ಟಕದಲ್ಲಿ ಹುಡುಕಿ 21ನೇ ಪರ್ಸೆಂಟೈಲ್ ಎಂದು ಹೇಳುವುದು ತಪ್ಪಾಗುತ್ತದೆ. ಅದೇ ರೀತಿ ಕೆಲವು ವರದಿಗಳಲ್ಲಿ ಉಪಪರೀಕ್ಷೆಗಳ ಅಂಕವನ್ನು 10 ಸರಾಸರಿ, 3 ವಿಚಲನೆಯ ಅಳತೆಯಲ್ಲಿ ಕೊಟ್ಟಿರುತ್ತಾರೆ. ಅಲ್ಲಿನ 7 ಇಲ್ಲಿನ 85ಕ್ಕೆ ಸಮ. ವರದಿ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಅಂಕವನ್ನಲ್ಲ, ಅದರ ಸರಾಸರಿ ಎಷ್ಟು, ವಿಚಲನೆ ಎಷ್ಟು, ಹೋಲಿಕೆ ವಯಸ್ಸಿನೊಡನೆಯೋ ತರಗತಿಯೊಡನೆಯೋ ಎಂಬುದನ್ನು. ಒಂದು ವರ್ಷ ತಡವಾಗಿ ಶಾಲೆಗೆ ಸೇರಿದ ಮಗುವಿಗೆ ಈ ಎರಡು ಹೋಲಿಕೆಗಳಿಂದ ಎರಡು ಬೇರೆ ಅಂಕಿಗಳು ಬರುತ್ತವೆ, ತರಗತಿಯೊಡನೆ ಹೋಲಿಸಿದಾಗ ಬರುವುದು ಸಾಮಾನ್ಯವಾಗಿ ಹೆಚ್ಚು. ಯಾವುದರೊಡನೆ ಎಂದು ಹೇಳದ ವರದಿಯಾದರೆ ಬರೆದವರಿಗೆ ಫೋನು ಮಾಡಿ ಕೇಳಿ. ಊಹಿಸಿಕೊಂಡು ಪೋಷಕರಿಗೆ ಹೇಳಬೇಡಿ.

ಭೇಟಿಯ ಕೊನೆಯಲ್ಲಿ ಬರುವ ಪ್ರಶ್ನೆಯೊಂದು ಉಳಿದಿದೆ: ‘ಮೂರು ತಿಂಗಳು ಟ್ಯೂಷನ್ ಹಾಕಿ ಮತ್ತೆ ಪರೀಕ್ಷೆ ಮಾಡಿಸೋಣವೇ?’ ಇದೇ ಪರೀಕ್ಷೆಯನ್ನು ಬೇಡ ಎನ್ನಿ. ಮೂರು ತಿಂಗಳಲ್ಲಿ ಅದೇ ಪ್ರಶ್ನೆಗಳನ್ನು ಮತ್ತೆ ಕಂಡರೆ ನೆನಪಿನಿಂದಲೇ ಒಂದಷ್ಟು ಅಂಕ ಏರುತ್ತದೆ. ಅದನ್ನು ಬದಿಗಿಟ್ಟರೂ, ಸಾಲಿನಲ್ಲಿ ಹನ್ನೆರಡೂವರೆ ಅಂಶ ಮುಂದೆ ಹೋದರೆ ಮಾತ್ರ ಈ ಅಳತೆಗೆ ಬದಲಾವಣೆ ಖಚಿತವಾಗಿ ಕಾಣುವುದು. ಗಣಿತದಲ್ಲಿ 88 ಇರುವ ಹುಡುಗಿ 100ನ್ನು ದಾಟಬೇಕು. ಮೂರು ತಿಂಗಳಲ್ಲಿ ಅದನ್ನು ನಿರೀಕ್ಷಿಸುವುದೂ ಸರಿಯಲ್ಲ, ಅದಾಗಲಿಲ್ಲವೆಂದು ಟ್ಯೂಷನ್ ವ್ಯರ್ಥ ಎನ್ನುವುದೂ ಸರಿಯಲ್ಲ. ಅದರ ಬದಲು ತರಗತಿಯ ಶಿಕ್ಷಕರು ಎರಡು ವಾರಕ್ಕೊಮ್ಮೆ ಅದೇ ಮಟ್ಟದ ಕೆಲವು ಭಿನ್ನರಾಶಿ ಲೆಕ್ಕಗಳನ್ನು ಕೊಟ್ಟು, ನಿಗದಿತ ಸಮಯದಲ್ಲಿ ಎಷ್ಟು ಸರಿ ಮಾಡಿದಳು ಎಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ಅದು ಸಾಲಿನಲ್ಲಿ ಅವಳ ಜಾಗವನ್ನು ಹೇಳುವುದಿಲ್ಲ, ಅವಳು ಕಲಿತದ್ದನ್ನು ಹೇಳುತ್ತದೆ. ಸಾಲಿನ ಅಳತೆಯನ್ನು ಮುಂದಿನ ವರ್ಷ ಇದೇ ಹೊತ್ತಿಗೆ, ಸಾಧ್ಯವಾದರೆ ಅದೇ ಪರೀಕ್ಷೆಯ ಇನ್ನೊಂದು ಪತ್ರಿಕೆಯಿಂದ ಮಾಡಿಸಿ, ಈ ವರ್ಷದ ಪೆನ್ಸಿಲ್ ಪಟ್ಟಿಯ ಕೆಳಗೆ ಹೊಸ ಪಟ್ಟಿಯನ್ನು ಬಳಿಯಿರಿ.